ಮನೆಮಾತಿನಲ್ಲೇ ಓದು ಶುರು ಮಾಡಿಸಿದರೆ ಮಗು ಇಂಗ್ಲಿಷ್‌ನಲ್ಲಿ ಹಿಂದೆ ಬೀಳುವುದಿಲ್ವಾ?

ಇದೇ ಭಯದಿಂದ ನಾವು ಮಗಳನ್ನು ಮೊದಲಿನಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದೆವು. ಎರಡನೇ ತರಗತಿಗೆ ಬರುವಷ್ಟರಲ್ಲಿ ಪುಸ್ತಕವನ್ನು ಗಳಗಳ ಓದುತ್ತಿದ್ದಳು. ನಾನು ಎಡವಿದ್ದು ಅಲ್ಲೇ. ಓದಲು ಬಂತು ಅಂದರೆ ಅರ್ಥವೂ ಆಯಿತು ಅಂದುಕೊಂಡೆ. ಗೆಳತಿಯರ ಜೊತೆ ಇಂಗ್ಲಿಷ್‌ನಲ್ಲೇ ಹರಟುತ್ತಿದ್ದಳು, ಹಾಗಾಗಿ ಅನುಮಾನವೇ ಬರಲಿಲ್ಲ. ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ ಹರಟೆಯ ಭಾಷೆಯೇ ಬೇರೆ, ಪಾಠದ ಭಾಷೆಯೇ ಬೇರೆ ಎಂದು 1979ರಲ್ಲೇ ಬರೆದಿದ್ದರು. ವಲಸೆ ಬಂದ ಮಕ್ಕಳಲ್ಲಿ ಅವರು ಕಂಡದ್ದು ಇದು: ಆಟದ ಮಾತು ಎರಡು ವರ್ಷದಲ್ಲಿ ಬಂದುಬಿಡುತ್ತದೆ, ಪಾಠದ ಭಾಷೆ ಹಿಡಿತಕ್ಕೆ ಸಿಗಲು ಐದರಿಂದ ಏಳು ವರ್ಷ ಬೇಕು.

ನಾಲ್ಕನೇ ತರಗತಿಯಲ್ಲಿ ಲೆಕ್ಕ ಕೈಕೊಟ್ಟಿತು. ರವಿಯ ಬಳಿ 24 ಗೋಲಿ ಇವೆ, ಅದು ಗೋಪಿಯದಕ್ಕಿಂತ 6 ಕಡಿಮೆ, ಹಾಗಾದರೆ ಗೋಪಿಯ ಬಳಿ ಎಷ್ಟು? ಪ್ರಶ್ನೆ ಇಂಗ್ಲಿಷ್‌ನಲ್ಲಿತ್ತು. 'ಲೆಸ್' ಕಂಡ ಕೂಡಲೇ ಕಳೆದು 18 ಅಂತ ಬರೆದಿದ್ದಳು. ಲೆಕ್ಕ ಬರುತ್ತಿಲ್ಲ ಅಂತ ಟ್ಯೂಷನ್‌ಗೆ ಕಳಿಸಿದೆ. ಅಲ್ಲಿ ಕೂಡುವುದು, ಕಳೆಯುವುದನ್ನೇ ಇನ್ನಷ್ಟು ಮಾಡಿಸಿದರು. ಅದು ಅವಳಿಗೆ ಮೊದಲೇ ಬರುತ್ತಿತ್ತು! ತುಂಬಾ ತಡವಾಗಿ, ಸುಮ್ನೆ ಒಮ್ಮೆ, ಅದೇ ಲೆಕ್ಕವನ್ನು ಮನೆಮಾತಿನಲ್ಲಿ ಕೇಳಿದೆ. "ಗೋಪಿ ಹತ್ರಾನೇ ಜಾಸ್ತಿ ಅಲ್ವಾ? 30" ಅಂದಳು.

ಇಂಗ್ಲಿಷ್‌ನಲ್ಲಿ ಹೆಚ್ಚು ಹೊತ್ತು ಕೂತರೆ ಇಂಗ್ಲಿಷ್ ಹೆಚ್ಚು ಬರುತ್ತದೆ ಎಂದು ನಿಮ್ಮ ಪ್ರಶ್ನೆ ನಂಬಿಕೊಂಡಿದೆ. ನಾನು ಒಪ್ಪುವುದಿಲ್ಲ. ನೈಜೀರಿಯಾದ ಇಫೆಯಲ್ಲಿ 1970ರಲ್ಲಿ ಒಂದು ಪ್ರಯೋಗ ಶುರುವಾಯಿತು. ಒಂದು ಗುಂಪಿನ ಮಕ್ಕಳು ಆರೂ ವರ್ಷ ಮನೆಮಾತಾದ ಯೊರುಬಾದಲ್ಲಿ ಓದಿದರು, ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ ಕಲಿತರು. ಇನ್ನೊಂದು ಗುಂಪು ಮೂರು ವರ್ಷದ ನಂತರ ಇಂಗ್ಲಿಷ್ ಮಾಧ್ಯಮಕ್ಕೆ ಹೋಯಿತು. ಯೊರುಬಾದಲ್ಲಿ ಓದಿದವರು ಇಂಗ್ಲಿಷ್‌ನಲ್ಲೂ ಹಿಂದೆ ಬೀಳಲಿಲ್ಲ. ಆದರೆ ಒಂದು ಮಾತು ಮರೆಯಬೇಡಿ: ಅವರಿಗೆ ಇಂಗ್ಲಿಷ್ ಕಲಿಸಿದವರು ಅದಕ್ಕೆಂದೇ ತರಬೇತಿ ಪಡೆದ ಶಿಕ್ಷಕರು, ಪುಸ್ತಕಗಳೂ ಹೊಸದಾಗಿ ತಯಾರಾಗಿದ್ದವು.

ಮನೆಮಾತು ಅಂದಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಕ್ಯಾಮರೂನ್‌ನಲ್ಲಿ ಮೊದಲ ಮೂರು ವರ್ಷ ಕೋಮ್ ಭಾಷೆಯಲ್ಲಿ ಓದಿದ ಮಕ್ಕಳು ಮೂರನೇ ತರಗತಿಯಲ್ಲಿ ಉಳಿದವರಿಗಿಂತ ಬಹಳ ಮುಂದಿದ್ದರು. ಆಮೇಲೆ ಪಾಠ ಪೂರ್ತಿ ಇಂಗ್ಲಿಷ್‌ಗೆ ತಿರುಗಿತು. ಐದನೇ ತರಗತಿಯ ಹೊತ್ತಿಗೆ ಆ ಮುನ್ನಡೆ ಬಹಳಷ್ಟು ತಗ್ಗಿತ್ತು.

ಆದ್ದರಿಂದ ಶಾಲೆ ನೋಡಲು ಹೋದಾಗ ಮಾಧ್ಯಮ ಯಾವುದು ಅಂತ ಕೇಳಿ ಸುಮ್ಮನಾಗಬೇಡಿ. ಇಂಗ್ಲಿಷ್ ಯಾರು ಕಲಿಸುತ್ತಾರೆ, ಭಾಷೆ ಬದಲಾಗುವುದು ಯಾವ ತರಗತಿಯಲ್ಲಿ, ಬದಲಾದ ಮೇಲೂ ಮನೆಮಾತಿನಲ್ಲಿ ವಿವರಿಸಲು ಬಿಡುತ್ತಾರಾ ಅಂತ ಕೇಳಿ. ಮಗುವನ್ನು ಈಗಾಗಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿಬಿಟ್ಟಿದ್ದರೆ, ಒಂದು ಪುಟ ಓದಿಸಿ ಪುಸ್ತಕ ಮುಚ್ಚಿ, ಅದರಲ್ಲಿ ಏನಿತ್ತು ಅಂತ ಮನೆಮಾತಿನಲ್ಲಿ ಹೇಳಿಸಿ. ಹೇಳಲು ತಡವರಿಸಿದರೆ ಅದೇ ಪುಟವನ್ನು ನೀವೇ ಮನೆಮಾತಿನಲ್ಲಿ ಹೇಳಿ, ಮತ್ತೆ ಕೇಳಿ. ಈಗ ಸಲೀಸಾಗಿ ಹೇಳಿದರೆ ತೊಡಕು ವಿಷಯದ್ದಲ್ಲ, ಭಾಷೆಯದ್ದು. ಅದಕ್ಕೆ ಟ್ಯೂಷನ್ ಹಾಕಿ ದುಡ್ಡು ಕಳೆಯಬೇಡಿ.