ದುಬೈನಿಂದ ಹೊರಟ 69,000 ಕುಂದಾಪುರಕ್ಕೆ 67,921 ಆಗಿ ಬಂದದ್ದು ಹೇಗೆ?

ಪ್ರಶ್ನೆ: ಮಗ ದುಬೈನಲ್ಲಿದ್ದಾನೆ. ಪ್ರತಿ ತಿಂಗಳು 3,000 ದಿರ್ಹಂ ಕಳಿಸ್ತಾನೆ. ಅವತ್ತು ಮೊಬೈಲಲ್ಲಿ ನೋಡಿದಾಗ ಒಂದು ದಿರ್ಹಂಗೆ 23 ರೂಪಾಯಿ ಇತ್ತು. ಅಂದರೆ 69,000 ಬರಬೇಕು. ಪಾಸ್‌ಬುಕ್ಕಲ್ಲಿ ಬಂದದ್ದು 67,921. ಬ್ಯಾಂಕಿನವರು ‘ನಾವು ಒಂದು ಪೈಸೆನೂ ಹಿಡಿದಿಲ್ಲ’ ಅಂತಾರೆ. ಹಿಂದಿನ ತಿಂಗಳು ಎಕ್ಸ್‌ಚೇಂಜಿಗೆ ಹೋಗದೆ ಅಲ್ಲಿನ ಬ್ಯಾಂಕಿನಿಂದಲೇ ಕಳಿಸಿದ್ದ, ಆಗ ಸುಮಾರು 66,750 ಮಾತ್ರ ಬಂತು. ಯಾರು ಸುಳ್ಳು ಹೇಳ್ತಿದ್ದಾರೆ? ಮಗ ಕೊಟ್ಟ ರಸೀದಿಯ ಫೋಟೊ ಕಳಿಸಿದ್ದೇನೆ.
— ಒಬ್ಬ ತಾಯಿ, ಕುಂದಾಪುರ

ಉತ್ತರ: ಯಾರೂ ಸುಳ್ಳು ಹೇಳಿಲ್ಲ ಅಮ್ಮಾ. ಮಗನೂ ಇಲ್ಲ, ನಿಮ್ಮ ಬ್ಯಾಂಕಿನವರೂ ಇಲ್ಲ. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ನಾನು ತುಂಬ ವರ್ಷ ಕೂತಿದ್ದವನು. ಈ ಸಾವಿರ ರೂಪಾಯಿಯ ವಿಚಾರಕ್ಕೆ ಮನೆಯೊಳಗೆ ಮನಸ್ತಾಪ ಆಗಿದ್ದನ್ನು ಕಂಡಿದ್ದೇನೆ. ಹಾಗಾಗಿ ನಿಮ್ಮ ಲೆಕ್ಕವನ್ನು ಪೈಸೆ ಬಿಡದೆ ಹೇಳುತ್ತೇನೆ.

ಮೊದಲು ಮೊಬೈಲಿನ 23 ರೂಪಾಯಿ ಏನು ಅಂತ ನೋಡೋಣ. ಗಂಗೊಳ್ಳಿ ಬಂದರಿನಲ್ಲಿ ಬೆಳಿಗ್ಗೆ ಮೀನು ಏಲಂ ಆಗುತ್ತದೆ. ಅಲ್ಲಿ ಬುಟ್ಟಿಗಟ್ಟಲೆ ಕೊಳ್ಳುವವರಿಗೆ ಒಂದು ರೇಟು. ಅದೇ ಮೀನು ನಿಮ್ಮ ಮನೆ ಬಾಗಿಲಿಗೆ ಬರುವಾಗ ಬೇರೆ ರೇಟು. ಮೊಬೈಲಿನಲ್ಲಿ ಕಾಣುವುದು ಬಂದರಿನ ರೇಟು. ದೊಡ್ಡ ಬ್ಯಾಂಕುಗಳು ಕೋಟಿಗಟ್ಟಲೆ ಹಣ ಕೊಂಡು ಮಾರುವಾಗ ಇರುವ ಎರಡು ಬೆಲೆಗಳ ನಡುವಿನ ಅಂಕಿ ಅದು. 3,000 ದಿರ್ಹಂ ಹಿಡಿದು ಕೌಂಟರಿಗೆ ಹೋದವರಿಗೆ ಆ ರೇಟು ಸಾಮಾನ್ಯವಾಗಿ ಸಿಗುವುದಿಲ್ಲ.

ಈಗ ಮಗನ ರಸೀದಿ ನೋಡಿ. ರೇಟು 22.80. ಶುಲ್ಕ 20 ದಿರ್ಹಂ. ಆ ಶುಲ್ಕದ ಮೇಲೆ ಅಲ್ಲಿನ ವ್ಯಾಟ್ ಶೇ 5, ಅಂದರೆ 1 ದಿರ್ಹಂ. ಮಗ ಕೌಂಟರಿನಲ್ಲಿ ಕೊಟ್ಟದ್ದು 3,000. ಅದರಲ್ಲೇ 21 ದಿರ್ಹಂ ಕಳೆದು ಉಳಿದ 2,979ನ್ನು ರೂಪಾಯಿ ಮಾಡಿದ್ದಾರೆ. 2,979ನ್ನು 22.80ರಿಂದ ಗುಣಿಸಿದರೆ 67,921. ನಿಮ್ಮ ಪಾಸ್‌ಬುಕ್ಕಿನ ಅಂಕಿ ಅದೇ ಅಲ್ವಾ?

ಕಡಿಮೆಯಾದ ಮೊತ್ತ 1,079 ರೂಪಾಯಿ. ಇದರಲ್ಲಿ ರಸೀದಿಯಲ್ಲಿ ‘ಶುಲ್ಕ’ ಅಂತ ಕಾಣುವುದು, ವ್ಯಾಟ್ ಸೇರಿ, 483 ರೂಪಾಯಿಯಷ್ಟು ಮಾತ್ರ. ಉಳಿದ 596 ರೂಪಾಯಿ ಹೋದದ್ದು 23 ಮತ್ತು 22.80ರ ನಡುವಿನ ಆ 20 ಪೈಸೆಯಲ್ಲಿ. ಅದಕ್ಕೆ ರಸೀದಿಯಲ್ಲಿ ಬೇರೆ ಸಾಲು ಇಲ್ಲ, ರೇಟಿನ ಒಳಗೇ ಸೇರಿರುತ್ತದೆ. ಹಾಗಾಗಿ ಶುಲ್ಕವನ್ನು ಮಾತ್ರ ನೋಡುವವರಿಗೆ ದೊಡ್ಡ ಪಾಲೇ ಕಾಣುವುದಿಲ್ಲ. ‘ಶುಲ್ಕವೇ ಇಲ್ಲ’ ಅಂತ ಬೋರ್ಡು ಹಾಕಿದ ಕಡೆ ನಾನು ಮೊದಲು ರೇಟು ಕೇಳುವುದು ಇದಕ್ಕೇ. ಅಲ್ಲಿ 22.60 ಕೊಟ್ಟರೆ 3,000 ದಿರ್ಹಂಗೆ ಬರುವುದು 67,800. ಶುಲ್ಕ ಕೊಟ್ಟು ಬಂದದ್ದಕ್ಕಿಂತ 121 ರೂಪಾಯಿ ಕಡಿಮೆ!

ನಿಮ್ಮ ಬ್ಯಾಂಕಿನವರ ಮಾತು ನಿಜ ಅಂದೆನಲ್ಲ, ಅದು ಹೇಗೆ ಅಂದರೆ, ಕೊಲ್ಲಿಯ ಎಕ್ಸ್‌ಚೇಂಜುಗಳು ಭಾರತದ ಬ್ಯಾಂಕುಗಳ ಜೊತೆ ಒಪ್ಪಂದ ಮಾಡಿಕೊಂಡು ಇಲ್ಲೇ ರೂಪಾಯಿ ಖಾತೆ ಇಟ್ಟಿರುತ್ತವೆ. ದಿರ್ಹಂ ರೂಪಾಯಿ ಆಗುವುದು ದುಬೈನ ಕೌಂಟರಿನಲ್ಲೇ. ಇಲ್ಲಿನ ಖಾತೆಯಿಂದ ನಿಮ್ಮ ಖಾತೆಗೆ ಬರೀ ರೂಪಾಯಿ ಬರುತ್ತದೆ. ಪಾಸ್‌ಬುಕ್ಕಿನ ಆ ಸಾಲಿನಲ್ಲಿ NEFT ಅಥವಾ IMPS ಅಂತ ಇದ್ದರೆ ಹೀಗೇ ಬಂದಿದೆ ಅಂತ ತಿಳಿಯಿರಿ.

ಹಿಂದಿನ ತಿಂಗಳ ಕಥೆ ಬೇರೆ. ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸಿದ ಹಣ ಹೆಚ್ಚಾಗಿ ಡಾಲರ್ ಆಗಿ ಹೊರಡುತ್ತದೆ. ಹಾಗೆ ಹೊರಟರೆ ಹಣದ ರೂಪ ಎರಡು ಸಲ ಬದಲಾಗುತ್ತದೆ, ಪ್ರತಿ ಸಲವೂ ಸ್ವಲ್ಪ ಕರಗುತ್ತದೆ. ಅದರ ಕಾಗದ ನೀವು ಕಳಿಸಿಲ್ಲ. ಆದ್ದರಿಂದ ಇಂಥ ಹಣದಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂತ ಒಂದು ಮಾದರಿ ಲೆಕ್ಕ ಕೊಡುತ್ತೇನೆ.

ಡಾಲರಿಗೆ ದಿರ್ಹಂ ಬೆಲೆಯನ್ನು ಅಲ್ಲಿನ ಸರ್ಕಾರ 3.6725ಕ್ಕೆ ಕಟ್ಟಿಹಾಕಿದೆ. ಆದರೂ ಬ್ಯಾಂಕು ಡಾಲರ್ ಮಾರುವಾಗ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. 3.69 ಅಂತ ಇಟ್ಟುಕೊಳ್ಳಿ. ಆಗ 3,000 ದಿರ್ಹಂಗೆ 813 ಡಾಲರ್. ಈ ಹಣ ನೇರವಾಗಿ ಕುಂದಾಪುರಕ್ಕೆ ಬರುವುದಿಲ್ಲ. ನಡುವೆ ಇನ್ನೊಂದು ಬ್ಯಾಂಕು ಅದನ್ನು ದಾಟಿಸುತ್ತದೆ. ಆ ಬ್ಯಾಂಕು ತನ್ನ ಕೂಲಿ ಅಂತ 15 ಡಾಲರ್ ಹಿಡಿದರೆ ಉಳಿಯುವುದು 798. ಮೊಬೈಲಿನಲ್ಲಿ ಡಾಲರಿಗೆ 84.47 ಇರುವ ದಿನ ನಿಮ್ಮ ಬ್ಯಾಂಕು 83.80 ಕೊಟ್ಟಿತು ಅನ್ನಿ. ಆಗ 66,872 ರೂಪಾಯಿ. ಈ ಸಲ ರೂಪಾಯಿ ಮಾಡಿದ್ದು ಇಲ್ಲಿನ ಬ್ಯಾಂಕು. ಅದಕ್ಕೆ ಜಿಎಸ್‌ಟಿ ಬೀಳುತ್ತದೆ. ಮಗ ದುಡಿದು ಕಳಿಸಿದ ಹಣಕ್ಕೇ ತೆರಿಗೆ ಹಾಕಿದರು ಅಂತ ಕೆಲವರು ಸಂಕಟಪಡುತ್ತಾರೆ. ಹಾಗಲ್ಲ. ಹಣ ಬದಲಾಯಿಸಿ ಕೊಟ್ಟ ಸೇವೆಗೆ ಮಾತ್ರ ಆ ತೆರಿಗೆ. ಒಂದು ಲಕ್ಷದ ಒಳಗಿನ ಮೊತ್ತವಾದರೆ ಶೇ 1ರಷ್ಟನ್ನು ಸೇವೆಯ ಬೆಲೆ ಅಂತ ಲೆಕ್ಕ ಹಿಡಿದು, ಅದರ ಮೇಲೆ ಶೇ 18. ಇಲ್ಲಿ ಅದು 120 ರೂಪಾಯಿ. ಕೊನೆಗೆ ಕೈಗೆ ಬಂದದ್ದು ಸುಮಾರು 66,750.

ಈ ದಾರಿಯಲ್ಲಿ ದೊಡ್ಡ ಪೆಟ್ಟು ಆ ನಡುವಿನ ಬ್ಯಾಂಕಿನದ್ದು. ಅದು ಎಷ್ಟು ಹಿಡಿಯುತ್ತದೆ ಅಂತ ಹಣ ಕಳಿಸುವಾಗ ಮಗನಿಗೂ ಹೆಚ್ಚಾಗಿ ಗೊತ್ತಾಗುವುದಿಲ್ಲ. ಕಳಿಸುವ ಫಾರ್ಮಿನಲ್ಲಿ SHA ಮತ್ತು OUR ಅಂತ ಆಯ್ಕೆ ಇರುತ್ತದೆ. SHA ಅಂದರೆ ದಾರಿಯ ಖರ್ಚು ಬರುವ ಹಣದಲ್ಲೇ ಕಳೆಯುತ್ತದೆ. OUR ಅಂದರೆ ಆ ಖರ್ಚನ್ನು ಕಳಿಸುವವರೇ ಮೇಲಿಂದ ಕೊಡಬೇಕು. ಖರ್ಚು ಮಗನ ಕಡೆಗೆ ಹೋಗುತ್ತದೆ ಅಷ್ಟೇ, ಇಲ್ಲವಾಗುವುದಿಲ್ಲ. ಆ ತಿಂಗಳ ಸರಿಯಾದ ಲೆಕ್ಕ ಬೇಕಿದ್ದರೆ ನಿಮ್ಮ ಶಾಖೆಯಲ್ಲಿ ‘ಫಾರಿನ್ ಇನ್‌ವರ್ಡ್ ರೆಮಿಟೆನ್ಸ್ ಅಡ್ವೈಸ್’ ಕೊಡಿ ಅಂತ ಕೇಳಿ. ಬಂದ ಡಾಲರ್, ಕೊಟ್ಟ ರೇಟು ಅದರಲ್ಲಿರುತ್ತದೆ.

ತಿಂಗಳಿಗೆ 3,000 ದಿರ್ಹಂ ಕಳಿಸುವ ಮನೆಗೆ ಎಕ್ಸ್‌ಚೇಂಜಿನ ದಾರಿಯೇ ಸಾಮಾನ್ಯವಾಗಿ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಮಗ ಕೌಂಟರಿನಲ್ಲಿ ‘ರೇಟು ಎಷ್ಟು, ಶುಲ್ಕ ಎಷ್ಟು’ ಅಂತ ಎರಡು ಪ್ರಶ್ನೆ ಕೇಳುವ ಬದಲು ಒಂದೇ ಪ್ರಶ್ನೆ ಕೇಳಲಿ: ‘ನನ್ನ ಕೈಯಿಂದ ಒಟ್ಟು 3,000 ದಿರ್ಹಂ ಹೋದರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?’ ಒಂದೇ ದಿನ ಎರಡು ಮೂರು ಕಡೆ ಇದನ್ನು ಕೇಳಿದರೆ ಸಾಕು. ಆ್ಯಪ್‌ಗಳಿಗೂ ಇದೇ ಪ್ರಶ್ನೆ. ಒಂದು ಎಚ್ಚರಿಕೆ ಮಾತ್ರ. ಮೊದಲ ಸಲ ಕಳಿಸುವವರಿಗೆ ಕೆಲವು ಆ್ಯಪ್‌ಗಳು ವಿಶೇಷ ರೇಟು ಕೊಡುತ್ತವೆ, ಎರಡನೇ ಸಲ ಅದು ಇರುವುದಿಲ್ಲ.

ಶುಲ್ಕ ಪ್ರತಿ ಸಲಕ್ಕೂ ಬೇರೆ ಬೇರೆ ಬೀಳುತ್ತದೆ. ಅದೇ 3,000ವನ್ನು ಸಾವಿರ ಸಾವಿರವಾಗಿ ಮೂರು ಸಲ ಕಳಿಸಿದರೆ, ಪ್ರತಿ ಸಲ 21 ದಿರ್ಹಂ ಅಂದರೂ, ಸುಮ್ನೆ ಇನ್ನೊಂದು 958 ರೂಪಾಯಿ ಹೋಗುತ್ತದೆ. ಮನೆ ಖರ್ಚು ತಡೆದುಕೊಳ್ಳುವುದಾದರೆ ಒಂದೇ ಸಲ ಕಳಿಸಲಿ. ಆದರೆ ರೇಟು ಏರಲಿ ಅಂತ ಕಾಯುತ್ತಾ ಇಲ್ಲಿ ಬಡ್ಡಿಗೆ ಸಾಲ ಮಾಡಬೇಡಿ. ನಾಳೆಯ ರೇಟು ಯಾರಿಗೂ ಗೊತ್ತಿಲ್ಲ, ಸಾಲದ ಬಡ್ಡಿ ಮಾತ್ರ ಖಂಡಿತ.

ಮುಂದಿನ ತಿಂಗಳು ರಸೀದಿಯ ಫೋಟೊ ಬಂದ ತಕ್ಷಣ ನೀವೇ ಗುಣಿಸಿ ನೋಡಿ. ಶುಲ್ಕ ಕಳೆದ ದಿರ್ಹಂ, ಗುಣಿಸು ರಸೀದಿಯ ರೇಟು. ಪಾಸ್‌ಬುಕ್ಕಿನಲ್ಲಿ ಅದಕ್ಕಿಂತ ಕಡಿಮೆ ಬಿದ್ದಿದ್ದರೆ ಆಗ ಕೇಳುವ ಹಕ್ಕು ನಿಮಗಿದೆ. ಮಗ ರಸೀದಿಯ ಮೇಲಿನ ರೆಫರೆನ್ಸ್ ನಂಬರ್ ಹಿಡಿದು ಎಕ್ಸ್‌ಚೇಂಜಿಗೆ ಹೋಗಲಿ. ನೀವು ಅದೇ ನಂಬರ್ ಜೊತೆ ನಿಮ್ಮ ಶಾಖೆಗೆ ಹೋಗಿ.