ಮೊದಲ ವರ್ಷದ ಎರಡನೇ ಫ್ಲೂ ಡೋಸ್ ತಪ್ಪಿಹೋದರೆ

ಪತ್ರ: ನನ್ನ ಮಗನಿಗೆ ಈಗ 19 ತಿಂಗಳು. ಹೋದ ಜುಲೈನಲ್ಲಿ ಫ್ಲೂ ಇಂಜೆಕ್ಷನ್ ಹಾಕಿಸಿದ್ದೆವು. ತಿಂಗಳು ಬಿಟ್ಟು ಇನ್ನೊಂದಕ್ಕೆ ಬನ್ನಿ ಅಂದಿದ್ದರು. ಅಷ್ಟರಲ್ಲಿ ನೆಗಡಿ ಬಂತು, ಹಾಗೇ ಬಿಟ್ಟುಹೋಯಿತು. ಮಗಳಿಗೆ ಆಸ್ತಮಾ ಇದೆ, ಇನ್‌ಹೇಲರ್ ತಗೊಳ್ತಾಳೆ, ಅವಳಿಗೆ ಒಮ್ಮೆಯೂ ಹಾಕಿಸಿಲ್ಲ. ಮೇ 27ಕ್ಕೆ 9 ವರ್ಷ ತುಂಬುತ್ತದೆ. 9 ಆದಮೇಲೆ ಒಂದೇ ಸಾಕು, ಕಾಯಿರಿ ಅಂತಾರೆ ಕ್ಲಿನಿಕ್ಕಿನ ಸಿಸ್ಟರ್. ಹಾಕಿಸಿದರೂ ಮಗ ಮೂರು ಸಲ ಕೆಮ್ಮಿದ, ಸುಮ್ಮನೆ ದುಡ್ಡು ದಂಡ ಅಂತಾರೆ ಅತ್ತೆ. ನಾದಿನಿ 3 ತಿಂಗಳ ಕೂಸಿನೊಂದಿಗೆ ಮನೆಯಲ್ಲೇ ಇದ್ದಾಳೆ. ಯಾರಿಗೆ ಎಷ್ಟು ಹಾಕಿಸಬೇಕು?
— ಒಬ್ಬ ತಾಯಿ, ತಿಪಟೂರು

ಸಂಪಾದಕರ ಉತ್ತರ:

ಮಗನಿಂದಲೇ ಶುರು ಮಾಡೋಣ. ಅವನಿಗೆ ಈ ವರ್ಷ ಎರಡು ಡೋಸ್ ಹಾಕಿಸಿ, ನಡುವೆ ಕನಿಷ್ಠ 4 ವಾರ ಇರಲಿ. ಒಂದು ಆಗಿದೆಯಲ್ಲ, ಈಗ ಇನ್ನೊಂದು ಹಾಕಿದರೆ ಲೆಕ್ಕ ಚುಕ್ತಾ ಅನ್ನಿಸುವುದು ಸಹಜ. ಪೆಂಟಾ ಲಸಿಕೆಯಲ್ಲಿ ಹಾಗೇ ನಡೆಯುತ್ತದೆ, ತಡವಾದರೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಫ್ಲೂ ಲಸಿಕೆಯ ಲೆಕ್ಕ ಸ್ವಲ್ಪ ಬೇರೆ. 6 ತಿಂಗಳಿಂದ 8 ವರ್ಷದವರೆಗಿನ ಮಕ್ಕಳಿಗೆ ಮೊದಲ ಸಲ ಎರಡು ಡೋಸ್, ಆಮೇಲೆ ವರ್ಷಕ್ಕೊಂದು ಎಂಬುದು ನಮ್ಮ ಮಕ್ಕಳ ತಜ್ಞರ ಸಂಘಟನೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುವ ಕ್ರಮ. ನಿಮ್ಮ ಮಗನಂತೆ ಅರ್ಧಕ್ಕೆ ನಿಂತವರ ಬಗ್ಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇನ್ನಷ್ಟು ಬಿಡಿಸಿ ಹೇಳಿದೆ: ಈ ಹಂಗಾಮಿಗೆ ಮೊದಲು, ಯಾವ ವರ್ಷದ್ದಾದರೂ ಸರಿ, ಒಟ್ಟು ಎರಡು ಡೋಸ್ ಬಿದ್ದಿದ್ದರೆ ಈಗ ಒಂದು ಸಾಕು. ಇಲ್ಲದಿದ್ದರೆ ಈಗ ಎರಡು. ನಿಮ್ಮ ಮಗನ ಖಾತೆಯಲ್ಲಿ ಇರುವುದು ಒಂದೇ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ದೊಡ್ಡವರ ಮೈ ಹತ್ತಾರು ಮಳೆಗಾಲಗಳಲ್ಲಿ ಫ್ಲೂ ವೈರಾಣುವನ್ನು ನೋಡಿರುತ್ತದೆ. ಅವರಿಗೆ ಲಸಿಕೆ ಎಂದರೆ ಹಳೆಯ ಪರಿಚಯವನ್ನು ನೆನಪಿಸುವುದಷ್ಟೇ, ಒಂದು ಡೋಸಿಗೇ ಪ್ರತಿಕಾಯಗಳು ಏರುತ್ತವೆ. ಎಳೆಯ ಮಕ್ಕಳಲ್ಲಿ ಆ ಪರಿಚಯವೇ ಇರುವುದಿಲ್ಲ. ಮೊದಲ ಡೋಸ್ ರೋಗನಿರೋಧಕ ಕಣಗಳಿಗೆ ಗುರುತು ಹಿಡಿಸುತ್ತದೆ. ರಕ್ತದಲ್ಲಿ ಪ್ರತಿಕಾಯ ಒಂದಿಷ್ಟು ಏರಿದರೂ ಕಾಯಿಲೆ ತಡೆಯುವ ಮಟ್ಟಕ್ಕೆ ಬಹಳ ಮಕ್ಕಳಲ್ಲಿ ಮುಟ್ಟುವುದಿಲ್ಲ. 4 ವಾರ ಬಿಟ್ಟು ಬರುವ ಎರಡನೆಯದು ಅದನ್ನು ಮೇಲಕ್ಕೆ ಎತ್ತುತ್ತದೆ, ಪೂರ್ತಿ ರಕ್ಷಣೆ ಕೂಡಿಬರಲು ಅಲ್ಲಿಂದ ಮತ್ತೆ ಸುಮಾರು 2 ವಾರ. ಹಾಗಾಗಿ ಹೋದ ವರ್ಷ ನಿಮ್ಮ ಮಗನಿಗೆ ಸಿಕ್ಕಿದ್ದು ಅರೆಬರೆ ರಕ್ಷಣೆ. ಆಗ ನೆಗಡಿಗಾಗಿ ಮುಂದೂಡುವ ಅಗತ್ಯವೂ ಇರಲಿಲ್ಲ. ಮೂಗು ಸೋರುತ್ತಿದ್ದರೂ ಮಗು ಆಡಿಕೊಂಡಿದ್ದರೆ ಹಾಕಿಸಬಹುದು. ಜೋರು ಜ್ವರವಿದ್ದರೆ ಇಳಿಯುವವರೆಗೆ ಕಾದರಾಯಿತು. ಇನ್ನು 4 ವಾರ ಅನ್ನುವುದು ಕನಿಷ್ಠದ ಮಾತು. 6 ವಾರವಾಯಿತು, 8 ವಾರವಾಯಿತು ಎಂದು ಎರಡನೆಯದನ್ನು ಕೈಬಿಡಬೇಡಿ.

ಈಗ ತಾರೀಖು ಹಾಕಿ ನೋಡೋಣ. ಮೇ 4ಕ್ಕೆ ಮೊದಲ ಡೋಸ್ ಹಾಕಿಸಿದರೆ ಎರಡನೆಯದು ಜೂನ್ 1ಕ್ಕೆ, ರಕ್ಷಣೆ ಕೂಡಿಬರುವುದು ಜೂನ್ 15ರ ಹೊತ್ತಿಗೆ. ನಮ್ಮಲ್ಲಿ ಫ್ಲೂ ಹೆಚ್ಚುವುದು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಸಣ್ಣ ಏರಿಕೆ ಇರುತ್ತದೆ. ಶಾಲೆ ತೆರೆದು, ಮಳೆ ಹಿಡಿದು, ಮಗಳು ತರಗತಿಯಿಂದ ವೈರಾಣು ಹೊತ್ತು ತರುವ ಹೊತ್ತಿಗೆ ಮಗ ತಯಾರಿರುತ್ತಾನೆ. ಜುಲೈನಲ್ಲಿ ಶುರು ಮಾಡಿದರೆ ರಕ್ಷಣೆ ಬರುವಷ್ಟರಲ್ಲಿ ಅರ್ಧ ಮಳೆಗಾಲ ಮುಗಿದಿರುತ್ತದೆ.

ಕ್ಲಿನಿಕ್ಕಿನಲ್ಲಿ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಓದಿ. ಫ್ಲೂ ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ತಳಿಗಳ ಪಟ್ಟಿ ಪ್ರಕಟಿಸುತ್ತದೆ, ಉತ್ತರಾರ್ಧಗೋಳಕ್ಕೆ ಫೆಬ್ರುವರಿ ಹೊತ್ತಿಗೆ, ದಕ್ಷಿಣಾರ್ಧಗೋಳಕ್ಕೆ ಸೆಪ್ಟೆಂಬರ್‌ನಲ್ಲಿ. ಮೇ ತಿಂಗಳಲ್ಲಿ ನಮಗೆ ಸಿಗುವ ಹೊಸ ಲಸಿಕೆ ಸಾಮಾನ್ಯವಾಗಿ ಸೆಪ್ಟೆಂಬರ್ ಪಟ್ಟಿಯದು. ಡಬ್ಬಿಯ ಮೇಲೆ ಈ ವರ್ಷವೂ ಸದರ್ನ್ ಹೆಮಿಸ್ಫಿಯರ್ ಎಂದೂ ಇದ್ದರೆ ಸರಿ. ಫ್ರಿಜ್ಜಿನ ಮೂಲೆಯಲ್ಲಿ ಉಳಿದ ಹಳೇ ಹಂಗಾಮಿನದ್ದು ಬೇಡ. ನಾಲ್ಕು ತಳಿಯದಿಲ್ಲ, ಮೂರು ತಳಿಯದಿದೆ ಅಂದರೆ ಹಿಂಜರಿಯಬೇಡಿ. ನಾಲ್ಕನೆಯದಾಗಿದ್ದ ಬಿ-ಯಮಗಾಟಾ ತಳಿ 2020ರ ಮಾರ್ಚ್ ನಂತರ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ. ಇನ್ನೊಂದು ಗೊಂದಲ ಅಳತೆಯದು. ಹಿಂದೆ 3 ವರ್ಷದೊಳಗಿನವರಿಗೆ 0.25 ಮಿಲಿಲೀಟರ್ ಕೊಡುವ ಪದ್ಧತಿಯಿತ್ತು, ಈಗಿನ ಹೆಚ್ಚಿನ ಲಸಿಕೆಗಳಲ್ಲಿ ಎಳೆ ಮಗುವಿಗೂ 0.5 ಮಿಲಿಲೀಟರ್. ಎರಡು ಡೋಸ್ ಎಂದರೆ ಎರಡು ಪೂರ್ಣ ಸಿರಿಂಜ್, ಒಂದನ್ನೇ ಎರಡು ಮಾಡಿ ಹಾಕುವುದಲ್ಲ.

ಹಾಗೇ ತಾಯಿ ಕಾರ್ಡನ್ನೂ ಒಮ್ಮೆ ತೆಗೆದು ನೋಡಿ. ಪೆಂಟಾ ಲಸಿಕೆಯಲ್ಲಿ ಹಿಬ್ ಎಂಬ ಭಾಗವಿದೆ, ಅದರ ಪೂರ್ಣ ಹೆಸರಿನಲ್ಲಿ ಇನ್‌ಫ್ಲುಯೆಂಜೆ ಎಂಬ ಪದವಿರುವುದರಿಂದ ಫ್ಲೂ ಲಸಿಕೆ ಆಗಿದೆ ಎಂದುಕೊಂಡ ತಂದೆ-ತಾಯಿಗಳಿದ್ದಾರೆ. ಅದು ಬೇರೆಯೇ ಒಂದು ಬ್ಯಾಕ್ಟೀರಿಯಾದ ವಿರುದ್ಧ. ಸರ್ಕಾರದ ಉಚಿತ ಲಸಿಕಾ ಪಟ್ಟಿಯಲ್ಲಿ ಮಕ್ಕಳ ಫ್ಲೂ ಲಸಿಕೆ ಇಲ್ಲ, ಕೈಯಿಂದಲೇ ದುಡ್ಡು ಹಾಕಬೇಕು. ಅತ್ತೆಯವರು ದುಡ್ಡಿನ ಮಾತೆತ್ತಿದ್ದನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಮಗಳ ವಿಷಯದಲ್ಲಿ ಸಿಸ್ಟರ್ ಹೇಳಿದ್ದು ಸುಳ್ಳಲ್ಲ. ಮೊದಲ ಡೋಸ್ ಬೀಳುವ ದಿನದ ವಯಸ್ಸೇ ಲೆಕ್ಕ. ಮೇ 4ಕ್ಕೆ ಹಾಕಿಸಿದರೆ ಆಗ ಅವಳಿಗೆ 8, ನಡುವೆ ಹುಟ್ಟುಹಬ್ಬ ಬಂದರೂ ಎರಡನೆಯದು ಬೇಕೇ ಬೇಕು. ಜೂನ್ 1ರವರೆಗೆ ಕಾದರೆ 9 ತುಂಬಿರುತ್ತದೆ, ಒಂದಕ್ಕೇ ಮುಗಿಯಿತು. ಆದರೆ ಮೇ 27ರ ರಾತ್ರಿ ಅವಳ ಮೈಯೊಳಗೆ ಏನೂ ಬದಲಾಗುವುದಿಲ್ಲ. 9 ಎಂಬ ಗೆರೆ ಎಳೆದಿರುವುದು ಆ ವಯಸ್ಸಿಗೆ ಬಹುತೇಕ ಮಕ್ಕಳು ಫ್ಲೂವನ್ನು ಒಂದೆರಡು ಸಲ ಕಂಡಿರುತ್ತಾರೆ ಎಂಬ ಅಂದಾಜಿನ ಮೇಲೆ. ಎರಡೂ ದಾರಿಯಲ್ಲಿ ಜೂನ್ ಮಧ್ಯಕ್ಕೆ ರಕ್ಷಣೆ ಸಿಗುತ್ತದೆ. ಮೇ ದಾರಿಯಲ್ಲಿ ಅದು ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು, ಶಾಲೆ ತೆರೆಯುವ ದಿನಕ್ಕೆ ಅಷ್ಟೋ ಇಷ್ಟೋ ಕೈಯಲ್ಲಿರುತ್ತದೆ. ಆಸ್ತಮಾ ಇರುವ ಮಗುವಾದ್ದರಿಂದ, ಕೈಯಲ್ಲಿ ಆಗುವುದಾದರೆ ಮೇ ದಾರಿಯನ್ನೇ ಹಿಡಿಯಿರಿ ಎನ್ನುತ್ತೇನೆ. ಆಗದಿದ್ದರೆ ಜೂನ್ 1ಕ್ಕೆ ಒಂದು ಹಾಕಿಸುವುದೂ ನಿಯಮಬದ್ಧವೇ. ಹಾಗೆ ಕಾಯುವವರು ಬಹಳ ಸಲ ಜೂನ್ ಒಂದನ್ನು ಜುಲೈಗೆ, ಜುಲೈಯನ್ನು ಗಣೇಶ ಹಬ್ಬಕ್ಕೆ ತಳ್ಳಿಬಿಡುತ್ತಾರೆ, ಭಯವಿರುವುದು ಅಲ್ಲಿ.

ಆಸ್ತಮಾ ಇರುವ ಮಕ್ಕಳಿಗೆ ಫ್ಲೂ ಸುಲಭವಾಗಿ ಅಂಟುತ್ತದೆ ಎಂದಲ್ಲ, ಅಂಟಿದಾಗ ಅವರ ಪಾಡು ಕಷ್ಟ. ಶ್ವಾಸನಾಳಗಳು ಮೊದಲೇ ಊದಿಕೊಂಡಿರುತ್ತವೆ, ವೈರಾಣು ಅದನ್ನು ಇನ್ನೂ ಕೆರಳಿಸುತ್ತದೆ. ಮನೆಯಲ್ಲಿ ಎರಡು ಪಫ್‌ಗೆ ಇಳಿಯುತ್ತಿದ್ದ ಉಬ್ಬಸ ಆಗ ಆಸ್ಪತ್ರೆಯ ನೆಬ್ಯುಲೈಸರಿಗೂ ಬಗ್ಗದಿರಬಹುದು. ಸೌಮ್ಯ ಆಸ್ತಮಾ ಇದ್ದವರೂ ಇದಕ್ಕೆ ಹೊರತಲ್ಲ. ಇನ್‌ಹೇಲರಿನ ಸ್ಟೀರಾಯ್ಡ್ ಲಸಿಕೆಗೆ ಅಡ್ಡಿ ಮಾಡುವುದಿಲ್ಲ, ಅದನ್ನು ನಿಲ್ಲಿಸಬೇಡಿ. ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆಯಲ್ಲಿ ಮಾತ್ರ ದುರ್ಬಲಗೊಳಿಸಿದ ಜೀವಂತ ವೈರಾಣು ಇರುತ್ತದೆ, ಅದು ನಿಮ್ಮ ಮಗಳಿಗೆ ಬೇಡ. ಇಂಜೆಕ್ಷನ್ ಲಸಿಕೆಯಲ್ಲಿರುವುದು ಸತ್ತ ವೈರಾಣುವಿನ ತುಣುಕುಗಳು, ಅದರಿಂದ ಫ್ಲೂ ಬರುವ ಸಾಧ್ಯತೆಯೇ ಇಲ್ಲ.

ಉಳಿದ ಓದುಗರಿಗಾಗಿ ಒಂದು ಮಾತು. ಹುಟ್ಟಿನಿಂದ ಹೃದಯದ ತೊಂದರೆ ಇರುವ, ಮೂತ್ರಪಿಂಡದ ಕಾಯಿಲೆಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವ, ಮಧುಮೇಹ ಅಥವಾ ಸಿಕಲ್ ಸೆಲ್ ಇರುವ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳು 5 ವರ್ಷ ದಾಟಿದ ಮೇಲೂ ಪ್ರತಿ ವರ್ಷ ಹಾಕಿಸಿಕೊಳ್ಳಬೇಕಾದವರು. ಹೆಚ್ಚಿನವರು ಮರೆಯುವುದು ಸೆರೆಬ್ರಲ್ ಪಾಲ್ಸಿಯಂಥ ನರದ ತೊಂದರೆ ಇರುವ ಮಕ್ಕಳನ್ನು. ಅವರಿಗೆ ಜೋರಾಗಿ ಕೆಮ್ಮಿ ಕಫ ಹೊರಹಾಕುವ ಶಕ್ತಿ ಇರುವುದಿಲ್ಲ, ಅದು ಎದೆಯಲ್ಲೇ ಕಟ್ಟಿ ನ್ಯುಮೋನಿಯಾಕ್ಕೆ ತಿರುಗುತ್ತದೆ. ದಿನವೂ ಆಸ್ಪಿರಿನ್ ತೆಗೆದುಕೊಳ್ಳುವ ಮಕ್ಕಳೂ ಇದ್ದಾರೆ, ಕವಾಸಾಕಿ ಕಾಯಿಲೆಯವರು ಹಾಗೆ. ಅವರಿಗೆ ಫ್ಲೂ ಬಂದರೆ ಮಿದುಳು, ಯಕೃತ್ತಿಗೆ ಪೆಟ್ಟು ಕೊಡುವ ರೈ ಸಿಂಡ್ರೋಮಿನ ಅಪಾಯ. ಆದರೆ ಈ ಪಟ್ಟಿಯನ್ನು ಓದಿ ನಮ್ಮ ಮಗು ಗಟ್ಟಿಮುಟ್ಟಾಗಿದೆ ಎಂದು ನಿರಾಳವಾಗುವ ಹಾಗಿಲ್ಲ. ವಯಸ್ಸೇ ಒಂದು ಅಪಾಯ. 5 ವರ್ಷದೊಳಗಿನವರಿಗೆ, ಅದರಲ್ಲೂ 2 ವರ್ಷದೊಳಗಿನವರಿಗೆ ಫ್ಲೂ ಬಂದರೆ ಆಸ್ಪತ್ರೆ ಸೇರುವ ಸಂಭವ ಹೆಚ್ಚು. ಅಮೆರಿಕದಲ್ಲಿ ಫ್ಲೂನಿಂದ ತೀರಿಕೊಂಡ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲು ಬೇರೆ ಯಾವ ಕಾಯಿಲೆಯೂ ಇರಲಿಲ್ಲ. ನಿಮ್ಮ ಮಗ ಆರೋಗ್ಯವಂತನಾದರೂ 19 ತಿಂಗಳಿನವನಾದ್ದರಿಂದ ಅಕ್ಕನಷ್ಟೇ ಮುಖ್ಯ.

ಅತ್ತೆಯವರಿಗೆ ಹೀಗೆ ಹೇಳಿ. ಮಕ್ಕಳ ಕೆಮ್ಮು, ನೆಗಡಿಗೆ ಕಾರಣವಾಗುವ ವೈರಾಣುಗಳು ಬಹಳ, ಆರ್‌ಎಸ್‌ವಿ, ರೈನೋ, ಅಡೆನೋ ಹೀಗೆ. ಫ್ಲೂ ಲಸಿಕೆ ತಡೆಯುವುದು ಫ್ಲೂ ಒಂದನ್ನೇ, ಅದನ್ನೂ ನೂರಕ್ಕೆ ನೂರಲ್ಲ. ತಳಿ ಚೆನ್ನಾಗಿ ಹೊಂದಿದ ವರ್ಷದಲ್ಲಿ ವೈದ್ಯರ ಬಳಿ ಹೋಗಬೇಕಾಗುವ ಫ್ಲೂವನ್ನು ಶೇಕಡ 40ರಿಂದ 60ರಷ್ಟು ಕಡಿಮೆ ಮಾಡುತ್ತದೆ. ಲಸಿಕೆಯನ್ನೂ ಮೀರಿ ಬಂದರೂ ಐಸಿಯು ಮೆಟ್ಟಿಲು ಹತ್ತುವ ಸಂಭವ ಕಮ್ಮಿ. ಹಾಕಿಸಿದ ದಿನ ತೊಡೆ ಕೆಂಪಾಗಿ ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ವೈದ್ಯರು ತೂಕ ನೋಡಿ ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಡಿ, ಆಸ್ಪಿರಿನ್ ಬೇಡವೇ ಬೇಡ. ಮೊಟ್ಟೆ ತಿಂದರೆ ಅಲರ್ಜಿ ಎಂಬ ಕಾರಣಕ್ಕೆ ಈಗ ಯಾರೂ ಫ್ಲೂ ಲಸಿಕೆ ನಿರಾಕರಿಸಬೇಕಿಲ್ಲ. ಹಿಂದಿನ ಫ್ಲೂ ಡೋಸಿಗೇ ಮುಖ ಊದಿ ಉಸಿರು ಕಟ್ಟಿದ್ದರೆ ಮಾತ್ರ ಮತ್ತೆ ಹಾಕಿಸುವ ಹಾಗಿಲ್ಲ.

ಲಸಿಕೆ ಆಗಿದ್ದರೂ ಮಳೆಗಾಲದಲ್ಲಿ ಜ್ವರ ಬಂದರೆ ಮಗನ ಅಂಗಿ ಎತ್ತಿ ಎದೆ ನೋಡಿ. ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಅವನ ವಯಸ್ಸಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಉಚ್ಚೆ ಕಡಿಮೆಯಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮಗಳಿಗಾದರೆ ಇನ್‌ಹೇಲರಿಗೆ ಉಬ್ಬಸ ಇಳಿಯುತ್ತಿಲ್ಲ ಅನ್ನುವುದೇ ಸೂಚನೆ. ಇಬ್ಬರೂ ಅಪಾಯದ ಗುಂಪಿನವರೇ, ಹಾಗಾಗಿ ಜ್ವರ ಶುರುವಾದ 48 ಗಂಟೆಯೊಳಗೆ ವೈದ್ಯರಿಗೆ ತೋರಿಸಿ, ಫ್ಲೂ ಔಷಧ ಒಸೆಲ್ಟಾಮಿವಿರ್ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಆ ಔಷಧ ಬೇಗ ಶುರುವಾದಷ್ಟೂ ಒಳ್ಳೆಯದು.

ನಾದಿನಿಯ ಕೂಸಿಗೆ ಈಗ ಏನೂ ಹಾಕುವ ಹಾಗಿಲ್ಲ. 6 ತಿಂಗಳೊಳಗಿನವರಿಗೆ ಫ್ಲೂ ಲಸಿಕೆಯೇ ಇಲ್ಲ, ಅಪಾಯ ಹೆಚ್ಚಿರುವುದೂ ಅವರಿಗೇ. ಬಸುರಿಯಾಗಿದ್ದಾಗ ನಾದಿನಿ ಹಾಕಿಸಿಕೊಂಡಿದ್ದರೆ ಅವರ ಪ್ರತಿಕಾಯ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಬಂದಿರುತ್ತದೆ, ಕೇಳಿ ನೋಡಿ. ಇಲ್ಲದಿದ್ದರೂ ಹಾಲೂಡಿಸುತ್ತಿರುವ ಅವರು ಈಗ ಒಂದು ಡೋಸ್ ಹಾಕಿಸಿಕೊಳ್ಳಬಹುದು, ಅತ್ತೆಯವರೂ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು. ಕೂಸಿಗೆ ಜುಲೈ ಕೊನೆಗೆ 6 ತಿಂಗಳು ತುಂಬುತ್ತದೆ. ಆ ವಾರವೇ ಮೊದಲ ಡೋಸ್, ಆಗಸ್ಟ್ ಕೊನೆಗೆ ಎರಡನೆಯದು. ಮೊದಲನೆಯದು ಬಿದ್ದ ದಿನವೇ ಎರಡನೆಯದರ ತಾರೀಖನ್ನು ತಾಯಿ ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳಲು ಹೇಳಿ.