ಪಾಪಿ ದೀಪಗಳ ಬಣ್ಣ

“ರನ್‌ವೇ ಪಕ್ಕದ ನಾಲ್ಕು ದೀಪಗಳ ಬಣ್ಣವನ್ನು ಯಾರು ಬದಲಾಯಿಸುತ್ತಾರೆ?”

ಯಾರೂ ಬದಲಾಯಿಸುವುದಿಲ್ಲ; ಇಳಿಯುತ್ತಿರುವ ವಿಮಾನ ಸರಿಯಾದ ಎತ್ತರದಲ್ಲಿದೆಯೇ ಎಂದು ಪೈಲಟ್‌ಗೆ ತೋರಿಸುವ, ‘ಪಾಪಿ’ ಎಂಬ (ಹೆಸರು ಕನ್ನಡದ ಕಿವಿಗೆ ವಿಚಿತ್ರವೇ ಸರಿ) ಈ ವ್ಯವಸ್ಥೆಯ ಪ್ರತಿ ಪೆಟ್ಟಿಗೆಯೂ ಮೇಲ್ಭಾಗಕ್ಕೆ ಬಿಳಿ, ಕೆಳಭಾಗಕ್ಕೆ ಕೆಂಪು ಬೆಳಕನ್ನು ಸದಾ ಚೆಲ್ಲುತ್ತಿರುತ್ತದೆ, ಬದಲಾಗುವುದು ನೋಡುವ ಪೈಲಟ್‌ನ ಎತ್ತರ ಮಾತ್ರ. ವಿಮಾನ ಇಳಿಯಬೇಕಾದ 3 ಡಿಗ್ರಿ ಇಳಿಜಾರಿಗೆ ಹೊಂದಿಸಿದಾಗ, ರನ್‌ವೇಗೆ ಅತಿ ದೂರದ ಪೆಟ್ಟಿಗೆಯನ್ನು ಸುಮಾರು 2.5 ಡಿಗ್ರಿಗೂ ಅತಿ ಸಮೀಪದ್ದನ್ನು 3.5 ಡಿಗ್ರಿಗೂ ಓರೆಯಾಗಿಸಿ, ನಡುವಿನ ಎರಡನ್ನು ಕ್ರಮವಾಗಿ ಅವುಗಳ ಮಧ್ಯೆ ಇಡುತ್ತಾರೆ. ದೀಪಗಳಿಂದ 5 ಕಿ.ಮೀ. ದೂರದಲ್ಲಿ, ಅವುಗಳ ಮಟ್ಟದಿಂದ ಸುಮಾರು 262 ಮೀಟರ್ ಎತ್ತರದಲ್ಲಿದ್ದರೆ ಎರಡು ಬಿಳಿ, ಎರಡು ಕೆಂಪು ಕಾಣುತ್ತವೆ; ಅಂದರೆ ಎತ್ತರ ಸರಿಯಾಗಿದೆ. 247 ಮೀಟರ್‌ಗಿಂತ ಇಳಿದರೆ ಮೂರನೆಯದೂ ಕೆಂಪಾಗುತ್ತದೆ, 218ಕ್ಕಿಂತ ಕೆಳಗೆ ನಾಲ್ಕೂ ಕೆಂಪು. ವಿಪರೀತ ಮೇಲಿದ್ದರೆ ನಾಲ್ಕೂ ಬಿಳಿ. ಗಾಜಿನ ಮೇಲೆ ಇಬ್ಬನಿ ಕೂತರೆ ಮಾತ್ರ ಎರಡೂ ಬಣ್ಣ ಬೆರೆತು ತಿಳಿಗುಲಾಬಿಯಾಗಿ ಕಂಡು, ಸೂಚನೆಯೇ ನಂಬಲಾಗದಂತಾಗುತ್ತದೆ.